ಕ್ವಿಂಟಲಿಗೆ ಹತ್ತು ರೂಪಾಯಿ ಕಮ್ಮಿ

ಟೊಮ್ಯಾಟೊ ಟ್ರೇಗೆ ಗೋಪುರ ಕಟ್ಟುವ ಜನ ಹಿರೇಬೆಂಡಿಗೇರಿ ಬಿಟ್ಟರೆ ಇನ್ನೆಲ್ಲೂ ಇರಲಿಕ್ಕಿಲ್ಲ. ನನ್ನ ಹೆಸರು ಬಂದೇಸಾಬ, ಊರು ಬಂಕಾಪುರ. ಹದಿನಾಲ್ಕು ವರ್ಷದಿಂದ ಪಿಕಪ್ ಗಾಡಿ ಓಡಿಸುತ್ತಿದ್ದೇನೆ. ಶಿಗ್ಗಾಂವಿ, ಸವಣೂರು, ಹಾನಗಲ್ ಕಡೆಯ ಹೊಲಗಳಿಂದ ಕಾಯಿಪಲ್ಲೆ ಏರಿಸಿಕೊಂಡು ಹೆದ್ದಾರಿಗುಂಟ ದೊಡ್ಡ ಮಾರ್ಕೆಟ್ಟಿಗೆ ಮುಟ್ಟಿಸುವುದು ನನ್ನ ಕೆಲಸ. ಎಷ್ಟೋ ಊರಿನ ಟ್ರೇ ನೋಡಿದ್ದೇನೆ. ಎಲ್ಲರೂ ಅಂಚಿಗೆ ಸಮವಾಗಿ ತುಂಬುತ್ತಾರೆ, ಕೆಲವರು ಅಂಚಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಿಸಿ ಮೇಲೆ ನಾಲ್ಕು ಕೆಂಪು ಹಣ್ಣು ಇಟ್ಟು ಮುಖ ಚೆಂದ ಮಾಡುತ್ತಾರೆ. ಹಿರೇಬೆಂಡಿಗೇರಿಯ ಯಂಕವ್ವ ಮಾತ್ರ ಟ್ರೇ ತುಂಬಿದ ಮೇಲೆ ಇನ್ನೂ ಎರಡು ಬೊಗಸೆ ಹಾಕಿಸಿ, ಹಣ್ಣು ಉರುಳಿ ಬೀಳುವ ತನಕ ಏರಿಸುತ್ತಿದ್ದಳು.

ಅದು ಅವಳ ಗಂಡ ಲಕ್ಷ್ಮಪ್ಪನ ಕಾಲದಿಂದ ಬಂದ ಪದ್ಧತಿ. ಲಕ್ಷ್ಮಪ್ಪ ಜೋಳ ಬೆಳೆಯುತ್ತಿದ್ದ ಮನುಷ್ಯ. ಕಣದಲ್ಲಿ ಸೇರಿನಿಂದ ಅಳೆದು ಕೊಡುವಾಗ ಸೇರಿನ ಮೇಲೆ ಕಾಳು ಗುಡ್ಡೆಯಾಗಿ ನಿಲ್ಲಬೇಕು, ಸಪಾಟ ಮಾಡಿ ಕೊಟ್ಟರೆ ಕಣದ ಬರಕತ್, ಅದರ ಏಳಿಗೆ, ಹೋಗುತ್ತದೆ ಎಂದು ನಂಬಿದವನು. ಬೋರ್ ಹಾಕಿಸಿ ಟೊಮ್ಯಾಟೊಗೆ ಬಂದಮೇಲೆ ಸೇರು ಹೋಗಿ ಪ್ಲಾಸ್ಟಿಕ್ ಟ್ರೇ ಬಂತು, ಗುಡ್ಡೆ ಮಾತ್ರ ಹೋಗಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಮಾಲು ಮಾರಿದ ಮೇಲೆ ಮಾರ್ಕೆಟ್ಟಿನಲ್ಲಿ ಕೊಡುವ ಲೆಕ್ಕದ ಪಟ್ಟಿಯಲ್ಲಿ ಈಗಲೂ ಅವನ ಹೆಸರೇ ಬರುತ್ತದೆ, ಯಂಕವ್ವ ಬದಲಿಸಲು ಬಿಟ್ಟಿಲ್ಲ.

ನನಗೆ ಈ ಗೋಪುರದಿಂದ ಆಗುತ್ತಿದ್ದ ಕಿರಿಕಿರಿ ಅಷ್ಟಿಷ್ಟಲ್ಲ. ಸಪಾಟ ಟ್ರೇ ಆದರೆ ಒಂದರ ಮೇಲೊಂದು ಕೂತುಬಿಡುತ್ತವೆ. ನನ್ನ ಗಾಡಿಯಲ್ಲಿ ಒಂದು ಸಾಲಿಗೆ ಇಪ್ಪತ್ತು, ಮೇಲಿಂದ ಮೇಲೆ ನಾಲ್ಕು ಸಾಲು, ಎಂಬತ್ತು ಟ್ರೇ. ಗೋಪುರದ ಟ್ರೇ ಮೇಲೆ ಇನ್ನೊಂದನ್ನು ಇಟ್ಟರೆ ಹಣ್ಣು ಜಜ್ಜಿ ರಸ ಸೋರುತ್ತದೆ. ಆದ್ದರಿಂದ ಸಾಲಿಗೊಮ್ಮೆ ಹಲಗೆ ಹೊಂದಿಸಬೇಕು, ಮೂರೇ ಸಾಲು ಹಿಡಿಯುತ್ತದೆ, ಅರವತ್ತು. ಬಾಡಿಗೆ ಮಾತಾಡುವಾಗಲೇ ಲಕ್ಷ್ಮಪ್ಪನಿಗೆ ಹೇಳಿದ್ದೆ: ನಿನ್ನ ಗೋಪುರ ನಿನಗಿರಲಿ, ನನಗೆ ಗಾಡಿಗೆ ಸಾವಿರದ ಐನೂರು ಬೀಳಬೇಕು. ಅವನು ನಕ್ಕು, ಅರವತ್ತು ಟ್ರೇಗೆ ಭಾಗಿಸಿ, ಟ್ರೇಗೆ ಇಪ್ಪತ್ತೈದು ಅಂತ ಮಾಲು ಮಾರಿಸಿಕೊಡುವ ಅಡತ್ಯಾನ ಅಂಗಡಿಯಲ್ಲಿ ಬರೆಸಿದ. ಅಂದಿನಿಂದ ಅದೇ ದರ ನಡೆದು ಬಂತು.

ಯಂಕವ್ವನ ಆ ಒಂದೂವರೆ ಎಕರೆಯನ್ನು ಕಳೆದ ಎರಡು ವರ್ಷದಿಂದ ಪಾಲಿಗೆ ಮಾಡುವವಳು ಜಯಾ. ತಡಸದ ಹುಡುಗಿ, ಮದುವೆಯಾಗಿ ಈ ಊರಿಗೆ ಬಂದವಳು, ಸ್ವಂತದ್ದೆಂದು ಒಂದು ಗುಂಟೆ ಇಲ್ಲ. ಗಂಡ ಸಾಗರ ಮಾತು ಕಮ್ಮಿ, ಕೆಲಸ ಜಾಸ್ತಿ. ಖರ್ಚು ಕಳೆದು ಉಳಿದದ್ದು ಅರ್ಧ ಜಯಾಳಿಗೆ, ಅರ್ಧ ಯಂಕವ್ವನಿಗೆ. ಆ ಹೊಲವೊಂದು ಇದ್ದರೆ ಅವಳು ರೈತಳು, ಇಲ್ಲದಿದ್ದರೆ ಬೇರೆಯವರ ಹೊಲದಲ್ಲಿ ದಿನಕ್ಕೆ ಮುನ್ನೂರು ರೂಪಾಯಿಗೆ ಬೊಗ್ಗುವ ಕೂಲಿಯವಳು. ಆಕೆ ಇದನ್ನು ನನ್ನ ಮುಂದೆಯೇ ಒಮ್ಮೆ ಅಂದಿದ್ದಳು, ಅಳುತ್ತ ಅಲ್ಲ, ಟ್ರೇ ಎತ್ತಿಕೊಡುತ್ತ.

ಈ ಸಲ ಹೊಲಕ್ಕೆ ಗಿರಾಕಿ ಬಂದ. ಹಿರೇಕೆರೂರು ಕಡೆಯವನೊಬ್ಬ, ಬೀಜದ ಕಂಪನಿಗಾಗಿ ಹೊಲಗಳನ್ನು ಲಾವಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಹಿಡಿಯುವವನು, ವರ್ಷಕ್ಕೆ ಮೂವತ್ತು ಸಾವಿರ ಮುಂಗಡ ಕೊಡುತ್ತೇನೆ ಅಂದ. ಯಂಕವ್ವ ಅಕ್ಷರ ಬಲ್ಲವಳು, ಲೆಕ್ಕ ಅದಕ್ಕಿಂತ ಚೆನ್ನಾಗಿ ಬಲ್ಲವಳು. ಜಯಾಳನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡಳು. ನಾನೂ ಅಲ್ಲೇ ಇದ್ದೆ, ಖಾಲಿ ಟ್ರೇ ಇಳಿಸುತ್ತಿದ್ದೆ.

"ನೋಡು ಜಯಾ, ಹೊಲದಾಗ ಮುನ್ನೂರು ಕ್ವಿಂಟಲ್ ಬರ್ತೈತಿ ಅಂತ ತಿಳಿ. ಖರ್ಚೆಲ್ಲಾ ಹೋಗಿ ಕ್ವಿಂಟಲಿಗೆ ಇನ್ನೂರು ಉಳದ್ರ ಅರವತ್ತು ಸಾವಿರ. ಅದರಾಗ ನನ್ನ ಪಾಲು ಮೂವತ್ತು. ಅಂವ ಕೊಡೂದೂ ಮೂವತ್ತ. ಇನ್ನೂರು ಉಳಸಿ ತೋರಿಸು, ಹೊಲ ನಿನ್ನ ಕಡೇನ ಇರಲಿ. ಅದಕ್ಕಿಂತ ಕಮ್ಮಿ ಆದ್ರ ನಾ ಯಾಕ ಮಳಿ ನೋಡ್ಲಿ, ದರ ನೋಡ್ಲಿ?"

"ಇನ್ನೂರಕ್ಕಿಂತ ಜಾಸ್ತೀನ ಉಳ್ಯಾಕತ್ತೈತಿ ಅವ್ವಾರ," ಅಂದಳು ಜಯಾ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದಳು. ಅರವತ್ತು ಟ್ರೇ, ಟ್ರೇಗೆ ಇನ್ನೂರ ನಲವತ್ತು, ಒಟ್ಟು ಹದಿನಾಲ್ಕು ಸಾವಿರದ ನಾನೂರು. ನೂರಕ್ಕೆ ಹತ್ತರಂತೆ ದಲಾಲಿ ಸಾವಿರದ ನಾನೂರ ನಲವತ್ತು. ನನ್ನ ಬಾಡಿಗೆ ಸಾವಿರದ ಐನೂರು. ಹಮಾಲಿ ಟ್ರೇಗೆ ಐದು, ಮುನ್ನೂರು. ಕೈಗೆ ಬಂದದ್ದು ಹನ್ನೊಂದು ಸಾವಿರದ ನೂರ ಅರವತ್ತು. ಇಪ್ಪತ್ತೈದು ಕಿಲೋದ ಅರವತ್ತು ಟ್ರೇ ಅಂದರೆ ಹದಿನೈದು ಕ್ವಿಂಟಲ್, ಕ್ವಿಂಟಲಿಗೆ ಏಳುನೂರ ನಲವತ್ನಾಲ್ಕು. ಸಸಿ, ಗೂಟ, ತಂತಿ, ಗೊಬ್ಬರ, ಔಷಧ, ಬಿಡಿಸುವ ಕೂಲಿ ಎಲ್ಲ ಸೇರಿ ಬೆಳೆಯುವ ಖರ್ಚು ಕ್ವಿಂಟಲಿಗೆ ಐನೂರು. ಉಳಿದದ್ದು ಇನ್ನೂರ ನಲವತ್ನಾಲ್ಕು.

ನನಗೆ ನಗು ಬಂತು. ಸುಮ್ಮನಿರುವ ಸ್ವಭಾವ ನನ್ನದಲ್ಲ.

"ಟ್ರೇಕ್ಕ ಇಪ್ಪತ್ತೈದು ಕಿಲೋ ಅಂತ ಯಾರ್ ಹೇಳ್ಯಾರವ್ವಾ ನಿನಗ? ಅದು ಸಪಾಟ ತುಂಬಿದವರ ಲೆಕ್ಕ. ನಿಮ್ಮ ಗೋಪುರ ತೂಗಿ ನೋಡೀಯೇನು? ನನ್ನ ಗಾಡಿ ಸ್ಪ್ರಿಂಗ್ ಕೇಳು, ಅದು ಹೇಳ್ತೈತಿ."

ಮರುದಿನ ಹೋಗುವಾಗ ಜಯಾ ಗಾಡಿಯಲ್ಲೇ ಕೂತಳು. ದಾರಿಯಲ್ಲಿ ತೂಕದ ಕಟ್ಟೆಗೆ ಗಾಡಿ ಹತ್ತಿಸಿದೆ. ಗಾಡಿ ಮತ್ತು ಖಾಲಿ ಟ್ರೇ ತೂಕ ಕಳೆದರೆ ಹಣ್ಣು ಸಾವಿರದ ಏಳುನೂರ ನಲವತ್ತು ಕಿಲೋ. ಟ್ರೇಗೆ ಇಪ್ಪತ್ತೊಂಬತ್ತು. ಚೀಟಿ ಕೈಯಲ್ಲಿ ಹಿಡಿದು ಆಕೆ ಮತ್ತೆ ಲೆಕ್ಕ ಹಾಕಿದಳು. ಮಾರ್ಕೆಟ್ಟಿನಲ್ಲಿ ಮಾರುವುದು ಟ್ರೇ ಲೆಕ್ಕ, ಬೆಳೆಯುವ ಖರ್ಚು ಬೀಳುವುದು ತೂಕದ ಲೆಕ್ಕ. ಅದೇ ಹನ್ನೊಂದು ಸಾವಿರದ ನೂರ ಅರವತ್ತನ್ನು ಹದಿನೇಳು ಕ್ವಿಂಟಲ್ ನಲವತ್ತು ಕಿಲೋಗೆ ಭಾಗಿಸಿದರೆ ಆರುನೂರ ನಲವತ್ತೊಂದು. ಐನೂರು ಕಳೆದರೆ ನೂರ ನಲವತ್ತೊಂದು.

"ಅಯ್ಯ ಶಿವನ," ಅಂದಳು. "ನೂರು ರೂಪಾಯಿ ಎಲ್ಲಿ ಹೋತ್ರಿ ಅಣ್ಣಾ?"

"ಗೋಪುರದಾಗ ಹೋತು. ಸಪಾಟ ತುಂಬ್ರಿ. ಹಲಗಿ ಹೊಂದಸೂ ಕಾಟರ ನನಗ ತಪ್ಪಲಿ."

ಆಗ ನನ್ನ ತಲೆಯಲ್ಲಿ ಇದ್ದದ್ದು ಹಲಗೆಯ ಕಾಟ ಒಂದೇ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಹೊಟ್ಟೆಯಲ್ಲಿ ಬೇರೇನೂ ಇರಲಿಲ್ಲ.

ಯಂಕವ್ವನನ್ನು ಒಪ್ಪಿಸುವುದೇನು ಸುಲಭವಿತ್ತೇ? ಗಂಡನ ಹೆಸರು ಮಾರ್ಕೆಟ್ಟಿನಲ್ಲಿ ಕೆಡುತ್ತದೆ ಅಂದಳು. ಕೊಡುವ ಕೈ ಬಿಗಿ ಹಿಡಿಯಬಾರದು ಅಂದಳು. ಜಯಾ ಎದುರು ಮಾತಾಡದೆ ತೂಕದ ಚೀಟಿಯನ್ನು ಮುಂದಿಟ್ಟಳು. "ನೀವು ಕೊಡೂದು ನಿಮ್ಮ ಪಾಲಿಂದ ಕೊಡ್ರಿ ಅವ್ವಾರ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಪ್ರತಿ ಟ್ರೇದಾಗ ನನ್ನವೂ ಎರಡು ಕಿಲೋ ಹೊಂಟಾವಲ್ರಿ." ಯಂಕವ್ವ ಚೀಟಿ ಓದಿದಳು, ತಿರುಗಿಸಿ ಇನ್ನೊಮ್ಮೆ ಓದಿದಳು. ಕೊನೆಗೆ ಹೇಳಿದಳು: ಆರು ಗಾಡಿ ನಿನ್ನ ಮಾತಿನಂತೆ ಹೋಗಲಿ. ಆರರ ಸರಾಸರಿ ಇನ್ನೂರು ಮುಟ್ಟಿದರೆ ಹೊಲ ನಿನ್ನದು, ಮುಟ್ಟದಿದ್ದರೆ ಹಿರೇಕೆರೂರಿನವನದು.

ಸಪಾಟ ತುಂಬಿದ ಮೊದಲ ಗಾಡಿ ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲು ಗಾಡಿಯಲ್ಲಿ ಹಿಡಿಯದೆ ಉಳಿದ ಹಣ್ಣನ್ನು ಜಯಾ ತಡಸದ ಸಂತೆಯಲ್ಲಿ ಸಿಕ್ಕ ದರಕ್ಕೆ ಮಾರಿ ಬರುತ್ತಿದ್ದಳು. ಈಗ ಎಲ್ಲ ಹಣ್ಣೂ ಹತ್ತಿತು. ನಾಲ್ಕು ಸಾಲು, ಎಂಬತ್ತು ಟ್ರೇ, ಇಪ್ಪತ್ತು ಕ್ವಿಂಟಲ್. ಹಲಗೆಗಳನ್ನು ನಮ್ಮ ಮನೆಯ ಹಿತ್ತಲಲ್ಲಿ ಒಗೆದೆ.

ಮಾರ್ಕೆಟ್ಟಿನಲ್ಲಿ ನಮ್ಮ ಅಡತ್ಯಾ ಶೇಖಸಾಬ. ಸವಣೂರಿನವನು, ಬಿಳಿ ಗಡ್ಡ, ಗಟ್ಟಿ ದನಿ. ರೈತರ ಮಾಲನ್ನು ಲಿಲಾವಿನಲ್ಲಿ ಕೂಗಿ ಮಾರಿಸಿಕೊಡುವುದು ಅವನ ಕೆಲಸ, ದಲಾಲಿ ಅವನ ಗಳಿಕೆ. ಆ ದಲಾಲಿ ಕೊಳ್ಳುವವನಿಂದ ಬರಬೇಕೋ ರೈತನಿಂದ ಬರಬೇಕೋ ಎಂಬ ವಾದ ಪೇಪರಿನಲ್ಲಿ ಆಗಾಗ ಬರುತ್ತದೆ. ಪಟ್ಟಿಯಲ್ಲಿ ಅದು ರೈತನ ಹೆಸರಿನ ಕೆಳಗೇ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಲಿಲಾವು ನಮ್ಮ ಸಾಲಿಗೆ ಬಂತು. ಯಾವಾಗಲೂ ಲಕ್ಷ್ಮಪ್ಪನ ಮಾಲಿಗೆ ಮೇಲೆ ಬಿದ್ದು ಕೂಗುವ ವ್ಯಾಪಾರಿಯೊಬ್ಬ ಟ್ರೇ ಮೇಲೆ ಅಂಗೈ ಆಡಿಸಿ ಹಲ್ಲು ಕಿರಿದ.

"ಏನ್ರಿ ಶೇಖಸಾಬ, ಲಕ್ಷ್ಮಪ್ಪನ ಟ್ರೇ ತಲಿ ಬೋಳ ಆಗ್ಯಾವ?"

"ಮಾಲ್ ನೋಡ್ರಿ, ಮಾಲ್! ಹಣ್ಣು ಒಂದೂ ಜಜ್ಜಿಲ್ಲ!"

ಎಷ್ಟು ಕೂಗಿದರೂ ಇನ್ನೂರ ಇಪ್ಪತ್ತೈದಕ್ಕೆ ನಿಂತಿತು. ಅಕ್ಕಪಕ್ಕದ ಟ್ರೇಗಳ ದರವೂ ಅಷ್ಟೇ. ಅಂದರೆ ಲಕ್ಷ್ಮಪ್ಪನ ಗೋಪುರಕ್ಕೆ, ನಾಲ್ಕು ಕಿಲೋ ಹಣ್ಣಿಗೆ, ಮಾರ್ಕೆಟ್ಟು ಇಷ್ಟು ದಿನ ಕೊಡುತ್ತಿದ್ದದ್ದು ಹದಿನೈದು ರೂಪಾಯಿ. ಆ ವ್ಯಾಪಾರಿ ಅವನ ಟ್ರೇ ಕಂಡರೆ ಓಡಿ ಬರುತ್ತಿದ್ದದ್ದು ಸುಮ್ಮನೆ ಅಲ್ಲ.

ಆಮೇಲೆ ಅಂಗಡಿಯ ಗುಮಾಸ್ತ ಪಟ್ಟಿ ಬರೆದ. ರೈತನ ಲೆಕ್ಕದಿಂದ ದಲಾಲಿ ಮುರಿದು, ಹಮಾಲರಿಗೆ ಕೊಟ್ಟು, ನನ್ನ ಬಾಡಿಗೆ ನನ್ನ ಕೈಗಿಟ್ಟು, ಉಳಿದದ್ದನ್ನು ರೈತನಿಗೆ ಕಳಿಸುವುದು ಅಲ್ಲಿಯ ರೂಢಿ. ಅವನು ಬಾಯಲ್ಲೇ ಗುಣಿಸಿದ. "ಎಂಬತ್ತು ಟ್ರೇ, ಇಪ್ಪತ್ತೈದರಂಗ, ಎರಡು ಸಾವಿರ." ನಾಲ್ಕು ಐನೂರರ ನೋಟು ತೆಗೆದು ಮುಂದಿಟ್ಟ.

ನಾನು ಕೇಳಿರಲಿಲ್ಲ. ಅವನೇ ಕೊಟ್ಟ. ಒಂದು ಗಳಿಗೆ ಕೈ ನೋಟಿನ ಮೇಲೆ ನಿಂತದ್ದು ನಿಜ. ಗಾಡಿಗೆ ಸಾವಿರದ ಐನೂರು ಎಂಬುದು ನಾನೇ ಆಡಿದ ಮಾತು. ಡೀಸೆಲ್ ಅಷ್ಟೇ, ದಾರಿ ಅಷ್ಟೇ. ಎರಡೂವರೆ ಕ್ವಿಂಟಲ್ ಜಾಸ್ತಿ ಹತ್ತಿತು ನಿಜ, ಆದರೆ ಅದಕ್ಕೆ ಐನೂರು ರೂಪಾಯಿ ಡೀಸೆಲ್ ಉರಿಯುವುದಿಲ್ಲ, ನನಗೆ ಗೊತ್ತು. ಹಿಂದೆ ಇನ್ನೊಬ್ಬ ಡ್ರೈವರ್ ನಿಂತು "ಜಲ್ದಿ ಮುಗಸಪ್ಪಾ" ಅಂದ. ಜೇಬಿಗೆ ಹಾಕಿಕೊಂಡೆ.

ಎರಡನೇ ಗಾಡಿಗೆ ಕೈ ನಿಲ್ಲಲೂ ಇಲ್ಲ.

ಮನಸ್ಸಿಗೆ ನಾನು ಹೇಳಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಗಾಡಿ ಸಾಲದ ಕಂತು ಇದೆ, ಇನ್ಶೂರೆನ್ಸ್ ಇದೆ, ಹಿಂದಿನ ಟೈರು ಸವೆದಿದೆ. ಟ್ರೇಗೆ ಇಪ್ಪತ್ತೈದು ಎಂದು ಬರೆದದ್ದು ಇದೆ, ಅದಕ್ಕಿಂತ ಒಂದು ಪೈಸೆ ಜಾಸ್ತಿ ನಾನು ಕೇಳಿಲ್ಲ. ಇನ್ನು ಒಬ್ಬರಿಗೆ ಇಳಿಸಿದರೆ ನಾಳೆ ಹತ್ತು ಹೊಲದವರು ಬಂದು ನಮಗೂ ಇಳಿಸು ಅಂತ ಕೂರುತ್ತಾರೆ. ಇವೆಲ್ಲ ನಿಜವೇ. ಮೂರು ವಾರದಲ್ಲಿ ಆರು ಗಾಡಿ ಹೋದವು. ಟೈರು ಬದಲಿಸಿದೆ, ಹೊಸದು ಹಾಕಿದ ಮೇಲೆ ಗಾಡಿ ಹೆದ್ದಾರಿಯಲ್ಲಿ ಬಹಳ ಚೆನ್ನಾಗಿ ಹೋಗುತ್ತಿತ್ತು.

ಆರನೇ ಗಾಡಿಯ ಪಟ್ಟಿ ತೆಗೆದುಕೊಂಡು ಹಿರೇಬೆಂಡಿಗೇರಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಯಂಕವ್ವ ಕಟ್ಟೆಯ ಮೇಲೆ ಕೂತಿದ್ದಳು, ಕನ್ನಡಕ ಹಾಕಿಕೊಂಡು. ಜಯಾ ಕೆಳಗೆ ಮೆಟ್ಟಿಲ ಮೇಲೆ. ಆರೂ ಪಟ್ಟಿಗಳನ್ನು ಸಾಲಾಗಿ ಹರವಿದ್ದರು. ದರ ಒಂದು ದಿನ ಇನ್ನೂರ ಇಪ್ಪತ್ತು, ಒಂದು ದಿನ ಇನ್ನೂರ ಮೂವತ್ತು, ಸರಾಸರಿ ಇನ್ನೂರ ಇಪ್ಪತ್ತೈದೇ.

"ಬಾ ಬಂದೇಸಾಬ, ಕುಂದ್ರು. ಚಾ ಇಡ್ಸೇನಿ," ಅಂದಳು ಯಂಕವ್ವ. "ನೀ ಇದ್ರ ಛಲೋ ಆತು. ಲೆಕ್ಕದಾಗ ತಪ್ಪಿದ್ರ ಹೇಳು."

ಕೂತೆ. ಜಯಾ ಓದತೊಡಗಿದಳು, ದನಿ ಒಂಚೂರೂ ಅಲುಗದಂತೆ. ಗಾಡಿಗೆ ಹದಿನೆಂಟು ಸಾವಿರ. ದಲಾಲಿ ಸಾವಿರದ ಎಂಟುನೂರು. ಹಮಾಲಿ ನಾನೂರು. ಬಾಡಿಗೆ ಎರಡು ಸಾವಿರ. ಉಳಿದದ್ದು ಹದಿಮೂರು ಸಾವಿರದ ಎಂಟುನೂರು. ಇಪ್ಪತ್ತು ಕ್ವಿಂಟಲಿಗೆ ಭಾಗಿಸಿದರೆ ಆರುನೂರ ತೊಂಬತ್ತು. ಬೆಳೆಯುವ ಖರ್ಚು ಐನೂರು ಕಳೆದರೆ ನೂರ ತೊಂಬತ್ತು.

ಒಳಗೆ ಸ್ಟೋವಿನ ಸದ್ದು ಕೇಳುತ್ತಿತ್ತು.

"ಹತ್ತು ಕಮ್ಮಿ," ಅಂದಳು ಯಂಕವ್ವ.

"ಹೌದ್ರಿ."

"ಮುನ್ನೂರು ಕ್ವಿಂಟಲಿಗೆ ಮೂರು ಸಾವಿರ ಕಮ್ಮಿ. ನನ್ನ ಪಾಲಿಗೆ ಒಂದೂವರಿ ಸಾವಿರ." ಯಂಕವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಬಾಳ ಅಲ್ಲ ಅಂತ ಅನ್ನಬಹುದು. ಆದ್ರ ಅಂವ ಮುಂಗಡ ಕೊಡ್ತಾನ ಜಯಾ. ದರ ನೂರಕ್ಕ ಬಿದ್ರ ನಿನ್ನ ಕೂಡ ನಾನೂ ಬೀಳ್ತೇನಿ, ಅವನ ಕೂಡ ಬೀಳೂದಿಲ್ಲ. ನಾ ಒಬ್ಬಾಕಿ. ಮಾತು ಆಡಿದ್ದು ಆಡಿದ್ದ. ಸೋಮವಾರ ಬಾ ಅಂತ ಅವಗ ಫೋನ್ ಮಾಡ್ತೇನಿ."

ಚಹಾ ಬಂತು. ನಾನು ಬಟ್ಟಲು ಹಿಡಿದು ಊದಿದೆ. ನನ್ನ ಲೆಕ್ಕ ತಲೆಯಲ್ಲಿ ಆಗಲೇ ಮುಗಿದಿತ್ತು, ಹದಿನಾಲ್ಕು ವರ್ಷದ ಅಭ್ಯಾಸ. ಬಾಡಿಗೆ ಎರಡು ಸಾವಿರದ ಬದಲು ಸಾವಿರದ ಐನೂರು ಹಾಕಿದರೆ ಗಾಡಿಗೆ ಉಳಿಯುವುದು ಹದಿನಾಲ್ಕು ಸಾವಿರದ ಮುನ್ನೂರು. ಕ್ವಿಂಟಲಿಗೆ ಏಳುನೂರ ಹದಿನೈದು. ಲಾಭ ಇನ್ನೂರ ಹದಿನೈದು. ದರ ಲಿಲಾವು ಹೇಳಿದ್ದು, ದಲಾಲಿ ನೂರಕ್ಕೆ ಇಷ್ಟು ಎಂದು ನಿಂತದ್ದು, ಹಮಾಲಿ ಹಮಾಲರ ಸಂಘ ಹಾಕಿದ್ದು. ಆ ಪಟ್ಟಿಯಲ್ಲಿ ಅಲುಗಬಹುದಾದ ಅಂಕಿ ಒಂದೇ ಇತ್ತು, ಅದು ಈ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿತ್ತು.

ನಾನು ಬಾಯಿ ಬಿಡಲಿಲ್ಲ. ಅವರ ಹೊಲ, ಅವರ ಪಾಲು, ನನಗ್ಯಾಕೆ ಬೇಕು ಅಂದುಕೊಂಡೆ. ಚಹಾ ಸಕ್ಕರೆ ಜಾಸ್ತಿಯಾಗಿತ್ತು, ಆದರೂ ಪೂರ್ತಿ ಕುಡಿದೆ.

ಜಯಾ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಕೂಡಿಸಿದಳು. ಎದ್ದು ನಿಂತಳು. "ಆತು ಬಿಡ್ರಿ ಅವ್ವಾರ. ನೀವು ಹೇಳಿದ್ದು ಬರೋಬರಿ ಐತಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ನಿಮ್ಮಿಂದ ಬಾಳ ಉಪಕಾರ ಆತ್ರಿ. ನೀವು ತೂಗಿ ನೋಡು ಅನ್ನದಿದ್ರ ಇನ್ನೂರ ನಲವತ್ನಾಲ್ಕು ಐತಿ ಅಂತ ತಿಳದು ನೂರ ನಲವತ್ತೊಂದರಾಗ ಕುಣಕೋಂತ ಇರ್ತಿದ್ದೆ. ಹೊಲ ಹೋದ್ರೂ ಲೆಕ್ಕರ ಕಲತೆ. ಯಾರು ಹೇಳ್ತಾರ ಇಷ್ಟು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದರೆ ತಿರುಗಿ ಬೈಯಲು ನನಗೆ ಬರುತ್ತದೆ. ಅವಳು ಹಾಗೆ ಉಪಕಾರ ಅಂದದ್ದೇ ಮೈಯೆಲ್ಲ ಉರಿದು ಹೋಯಿತು. ನನಗೆ ನನ್ನ ಮೇಲೆ ಬಂದ ಸಿಟ್ಟು ಅವರ ಮೇಲೆ ಹೊರಟಿತು, ನನ್ನ ಬುದ್ಧಿಯೇ ಹಾಗೆ.

"ಏನ್ ಉಪಕಾರ? ಏನ್ ಉಪಕಾರ!" ಬಟ್ಟಲು ಕುಕ್ಕಿದೆ. "ನಿಮಗ ಇಬ್ಬರಿಗೂ ಕಣ್ಣ ಇಲ್ಲೇನು? ಆರು ಪಟ್ಟಿ ಹರವಿ ಕುಂತೀರಿ, ಎಂಬತ್ತು ಟ್ರೇ ಅಂತ ಬರದೈತಿ, ಎರಡು ಸಾವಿರ ಬಾಡಗಿ ಅಂತ ಬರದೈತಿ. ಮೊದಲ ಎಷ್ಟಿತ್ತು? ಗಾಡಿ ಅದ, ಡೀಸೆಲ್ ಅದ, ಡ್ರೈವರೂ ಅವನ, ಇದ ಹಾಳ ಬಂದೇಸಾಬ! ಐನೂರು ಜಾಸ್ತಿ ಯಾಕ ತಗೊಂಡಿ ಅಂತ ಒಬ್ಬರರ ಕೇಳೀರೇನು ನನ್ನ?"

ಯಂಕವ್ವ ಕನ್ನಡಕ ಹಾಕಿಕೊಂಡಳು. ಜಯಾ ನಿಂತಲ್ಲೇ ನಿಂತಿದ್ದಳು.

"ಲಕ್ಷ್ಮಪ್ಪಣ್ಣನ ಕೂಡ ನಾ ಮಾತಾಡಿದ್ದು ಗಾಡಿ ಲೆಕ್ಕ, ಸಾವಿರದ ಐನೂರು. ಅರವತ್ತು ಟ್ರೇ ಹಿಡಿತಿತ್ತು, ಇಪ್ಪತ್ತೈದು ಆತು. ಎಂಬತ್ತು ಹಿಡದ್ರ ಹದಿನೆಂಟು ಮುಕ್ಕಾಲು ಆಗಬೇಕು. ಅಂಗಡ್ಯಾಗ ಹಳೇ ದರ ಹಿಡದ ಗುಣಿಸಿ ಕೊಟ್ರು, ನಾ ತಗೊಂಡೆ. ಗೊತ್ತಿದ್ದ ತಗೊಂಡೆ."

ಕೊನೆಯ ಮಾತು ಹೇಳುವಾಗ ದನಿ ತಾನೇ ಇಳಿಯಿತು. ಹೇಳಿ ಮುಗಿಸಿದ ಮೇಲೆ ನಾಚಿಕೆಯಾಯಿತು, ಐವತ್ತೆರಡು ವರ್ಷದ ಗಂಡಸಿಗೆ ಕಟ್ಟೆಯ ಮೇಲೆ ಕೂತಲ್ಲೇ ಕಿವಿ ಬಿಸಿಯಾಯಿತು.

ಜಯಾ ಕೂತಳು. ಮೆಟ್ಟಿಲ ಮೇಲೆ ನೋಟ್‌ಬುಕ್ಕು ಬಿಚ್ಚಿ ಹೊಸ ಹಾಳೆಯಲ್ಲಿ ಬರೆದಳು. ಅವಸರ ಮಾಡಲಿಲ್ಲ. ಏಳುನೂರ ಹದಿನೈದು. ಇನ್ನೂರ ಹದಿನೈದು. ಪುಸ್ತಕವನ್ನು ಯಂಕವ್ವನ ತೊಡೆಯ ಮೇಲೆ ಇಟ್ಟಳು. ಯಂಕವ್ವ ಬೆರಳಿಟ್ಟು ಒಂದೊಂದೇ ಅಂಕಿ ನೋಡಿದಳು, ಕೆಳಗಿನಿಂದ ಮೇಲಕ್ಕೂ ಒಮ್ಮೆ ನೋಡಿದಳು.

"ಇನ್ನೂರು ದಾಟೇತಿ," ಅಂದಳು. "ಸೋಮವಾರ ಯಾರೂ ಬರೂದು ಬ್ಯಾಡ. ಫೋನ್ ಮಾಡಿ ಹೇಳ್ತೇನಿ. ಹೊಲ ನೀನ ಮಾಡವಾ."

ಜಯಾ ಸೆರಗಿನಿಂದ ಮುಖ ಒತ್ತಿ ಒರೆಸಿಕೊಂಡಳು. ಅಳು ಬಂದಿತ್ತು, ಮುಚ್ಚಿಡಲಿಲ್ಲ. ನನಗೂ ಹಗುರವಾಯಿತು. ಈಗ ಆಕೆ ನನ್ನ ಕಡೆ ನೋಡುತ್ತಾಳೆ, ಒಂದು ಒಳ್ಳೆಯ ಮಾತು ಆಡುತ್ತಾಳೆ, ನಾನು ಇರಲಿ ಬಿಡವ್ವಾ ಅನ್ನುತ್ತೇನೆ, ಎದ್ದು ಗಾಡಿ ಹತ್ತುತ್ತೇನೆ ಎಂದು ಕಾದೆ. ಎಷ್ಟಾದರೂ ನಾನೇ ಹೇಳಿದ್ದಲ್ಲವೇ?

ಆಕೆ ನೋಡಿದಳು. ಕಣ್ಣು ಇನ್ನೂ ಹಸಿಯಾಗಿತ್ತು.

"ಆರು ಗಾಡಿದು ಮೂರು ಸಾವಿರ ಆತ್ರಿ," ಅಂದಳು. "ಯಾವಾಗ ಕೊಡ್ತೀರಿ?"

ಯಂಕವ್ವ ನನ್ನ ಪರವಾಗಿ ಏನಾದರೂ ಅಂದಾಳು ಅಂದುಕೊಂಡೆ, ಇಷ್ಟು ವರ್ಷದ ಪರಿಚಯ. ಆಕೆ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

"ರೊಕ್ಕ ಟೈರಿಗೆ ಹಾಕೇನಿ," ಅಂದೆ. "ಕೈಯಾಗ ಇಲ್ಲ."

"ಮೂರು ಸಾವಿರ ಅಂದ್ರ ಎರಡು ಗಾಡಿ ಬಾಡಗಿ. ಮುಂದಿನ ಎರಡು ಗಾಡಿ ಹಂಗ ಒಯ್ರಿ. ಅದಾದ ಮ್ಯಾಲೆ ಗಾಡಿಗೆ ಸಾವಿರದ ಐನೂರು, ಟ್ರೇ ಲೆಕ್ಕ ಬ್ಯಾಡ. ಒಲ್ಲೆ ಅಂದ್ರ ಈಗ ಹೇಳ್ರಿ, ತಡಸದಾಗ ನದೀಮನ ಗಾಡಿ ಐತಿ."

ನದೀಮ ನನ್ನ ಹತ್ತಿರವೇ ಗಾಡಿ ಕಲಿತವನು. ನಾನು ಏನೋ ಹೇಳಲು ಬಾಯಿ ತೆರೆದೆ, ಕಂತಿನ ಮಾತು, ಇನ್ಶೂರೆನ್ಸಿನ ಮಾತು. ಆಕೆ ಕೇಳಲು ನಿಂತೂ ಇರಲಿಲ್ಲ, ಸಾಗರನನ್ನು ಕೂಗಿ ಖಾಲಿ ಟ್ರೇ ಇಳಿಸಿಕೋ ಅಂದಳು. ಸಾಗರ ನನ್ನ ಮುಖ ನೋಡದೆ ಇಳಿಸಿದ.

"ಆತು," ಅಂದೆ.

ಗುರುವಾರ ಏಳನೇ ಗಾಡಿ. ಎಂಬತ್ತು ಟ್ರೇ, ಎರಡು ಸಾವಿರ ಕಿಲೋ, ಡೀಸೆಲ್ ನನ್ನ ಕಿಸೆಯದು. ಲಿಲಾವು ಇನ್ನೂರ ಇಪ್ಪತ್ತೆಂಟಕ್ಕೆ ಮುಗಿಯಿತು. ಗುಮಾಸ್ತನ ಕಟಕಟೆಯ ಮುಂದೆ ಏಳೆಂಟು ರೈತರು, ಮೂರು ಜನ ಡ್ರೈವರುಗಳು ನಿಂತಿದ್ದರು. ಗುಮಾಸ್ತ ದಲಾಲಿ ಬರೆದ, ಹಮಾಲಿ ಬರೆದ, ಬಾಡಿಗೆಯ ಜಾಗಕ್ಕೆ ಬಂದು ಎರಡು ಸಾವಿರ ಎಣಿಸಲು ಕೈ ಹಾಕಿದ.

"ಬ್ಯಾಡ," ಅಂದೆ. "ಬಾಡಗಿ ಜಾಗಾದಾಗ ಸೊನ್ನಿ ಹಾಕು."

ಒಳಗೆ ಗಾದಿಯ ಮೇಲೆ ಕೂತಿದ್ದ ಶೇಖಸಾಬ ತಲೆ ಎತ್ತಿದ. ಮಾರ್ಕೆಟ್ಟಿಗೆಲ್ಲ ಕೇಳುವ ದನಿ ಅವನದು.

"ಏನಪಾ ಬಂದೇಸಾಬ, ಯಾವಾಗಿಂದ ಫುಕಟ ಗಾಡಿ ಹೊಡ್ಯಾಕ ಹತ್ತಿ? ಧರ್ಮಕ್ಕ ಬಿದ್ದೀಯೇನು?"

ಎಲ್ಲರೂ ನಕ್ಕರು. ನಾನೂ ನಗಬಹುದಿತ್ತು. ಹೌದು ಅಂದುಬಿಡಬಹುದಿತ್ತು, ವಿಧವೆಯ ಹೊಲ, ಬಡವರ ಪಾಲು, ಏನು ಹೇಳಿದರೂ ನಂಬುತ್ತಿದ್ದರು. ಹಿಂದೆ ತಿರುಗಿದರೆ ಜಯಾ ಪಟ್ಟಿಗಾಗಿ ಬಾಗಿಲಲ್ಲಿ ನಿಂತಿದ್ದಳು. ಇವತ್ತು ತಾನೇ ಬಂದಿದ್ದಳು. ನಾನು ಏನು ಹೇಳುತ್ತೇನೆಂದು ನೋಡುತ್ತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ.

"ಫುಕಟ ಅಲ್ರಿ," ಅಂದೆ. "ಈ ಗಾಡಿ ಬಾಡಗಿ ನಾ ಮೊದಲ ತಗೊಂಡೇನಿ."

ನಗು ನಿಂತಿತು. ನನ್ನ ಪಕ್ಕದಲ್ಲಿದ್ದ ಒಬ್ಬ ರೈತ ತನ್ನ ಪಟ್ಟಿ ತೆಗೆದು, ಕಣ್ಣ ಹತ್ತಿರ ಹಿಡಿದು, ಬಾಡಿಗೆಯ ಸಾಲನ್ನು ಓದತೊಡಗಿದ.